ಜರಡಿಯೂ ಗಳಿಗೆಯೂ

ಮಾಟುಂಗಾದ ನಮ್ಮ ಮನೆಯ ಕಪಾಟಿನಲ್ಲಿ ಉದ್ದನೆಯ ಲೆಕ್ಕದ ಪುಸ್ತಕವೊಂದಿದೆ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ, ಕೈಗೆ ಬಂದ ಹಣದ ಒಂದು ಭಾಗವನ್ನು ಷೇರುಗಳಲ್ಲಿ ತೊಡಗಿಸಲು ನಿರ್ಧರಿಸಿದಾಗ ಆರಂಭಿಸಿದ ಪುಸ್ತಕ ಅದು. ಅದರ ಮೊದಲ ಪುಟಗಳಲ್ಲಿ ಒಂದೇ ಕಂಪನಿಯ ಹೆಸರು ಎರಡು ಬಾರಿ ಬರುತ್ತದೆ. ಮೊದಲ ಸಲ ಅದನ್ನು ಕೊಂಡದ್ದು ತಪ್ಪಾಯಿತು, ಎರಡನೆಯ ಸಲ ಸರಿಹೋಯಿತು. ಕಂಪನಿ ಅದೇ, ನನ್ನ ಆಯ್ಕೆಯ ನಿಯಮಗಳೂ ಅವೇ. ಬದಲಾದದ್ದು ಕೊಳ್ಳುವ ಗಳಿಗೆಯನ್ನು ಗೊತ್ತುಮಾಡಿದ ಬಗೆ ಮಾತ್ರ.

ಸಾಲದ ಅರ್ಜಿಗಳನ್ನು ಮೂವತ್ತು ವರ್ಷ ಪರಿಶೀಲಿಸಿದವನಿಗೆ ಕಂಪನಿಗಳ ಆಯವ್ಯಯ ಪಟ್ಟಿ ಓದುವುದು ಕಷ್ಟವಲ್ಲ. ನಾನು ಮಾಡಿಕೊಂಡ ಜರಡಿಗೆ ನಾಲ್ಕು ಕಣ್ಣುಗಳಿದ್ದವು. ಕಂಪನಿಯ ಸಾಲ ಅದರ ಸ್ವಂತ ಬಂಡವಾಳದ ಅರ್ಧಕ್ಕಿಂತ ಹೆಚ್ಚಿರಬಾರದು. ತೊಡಗಿಸಿದ ಒಟ್ಟು ಬಂಡವಾಳದ ಮೇಲೆ ಐದು ವರ್ಷಗಳ ಸರಾಸರಿ ಗಳಿಕೆ ನೂರಕ್ಕೆ 15ಕ್ಕಿಂತ ಕಡಿಮೆ ಇರಬಾರದು. ಕಾಗದದ ಮೇಲೆ ತೋರಿಸಿದ ಲಾಭ ಐದು ವರ್ಷಗಳಲ್ಲಿ ಬಹುಪಾಲು ನಗದಾಗಿ ಬಂದಿರಬೇಕು. ಕೊನೆಯದು ಬೆಂಜಮಿನ್ ಗ್ರಹಾಮ್ ಹೇಳಿಕೊಟ್ಟ ಅಳತೆ: ಷೇರಿನ ಬೆಲೆ ಹಿಂದಿನ ಮೂರು ವರ್ಷಗಳ ಸರಾಸರಿ ಗಳಿಕೆಯ ಹದಿನೈದು ಪಟ್ಟನ್ನು ಮೀರಬಾರದು. ಬ್ಯಾಂಕುಗಳಿಗೆ ಈ ಜರಡಿ ಒಗ್ಗುವುದಿಲ್ಲ, ಏಕೆಂದರೆ ಸಾಲವೇ ಅವುಗಳ ಸರಕು. ಉಳಿದ ಉದ್ಯಮಗಳಿಗೆ ಇದು ಸಾಕಷ್ಟು ನಂಬಿಕೆಗೆ ಯೋಗ್ಯವಾದದ್ದು.

2018ರ ಫೆಬ್ರವರಿಯಲ್ಲಿ, ವಾಹನಗಳ ಬಿಡಿಭಾಗ ತಯಾರಿಸುವ ಒಂದು ಸಣ್ಣ ಕಂಪನಿ ಈ ಜರಡಿಯನ್ನು ದಾಟಿ ಬಂತು. ಬೆಲೆ 400 ರೂಪಾಯಿ, ಮೂರು ವರ್ಷಗಳ ಸರಾಸರಿ ಗಳಿಕೆ ಷೇರಿಗೆ 30 ರೂಪಾಯಿ. ಎಂದರೆ ಹದಿಮೂರು ಪಟ್ಟು ಚಿಲ್ಲರೆ. ಐನೂರು ಷೇರು ಕೊಂಡೆ. ವರ್ಷದ ಕೊನೆಗೆ ಬೆಲೆ 290ಕ್ಕೆ ಇಳಿಯಿತು. ಲೆಕ್ಕಪತ್ರದಲ್ಲಿ ಯಾವ ಹುಳುಕೂ ಕಾಣಲಿಲ್ಲವಾದ್ದರಿಂದ, ಒಳ್ಳೆಯ ವಸ್ತು ಇನ್ನಷ್ಟು ಅಗ್ಗವಾಯಿತೆಂದು ಮತ್ತೆ ಐನೂರು ಕೊಂಡೆ. 2019ರಲ್ಲಿ ಅದು 190ರ ಆಸುಪಾಸಿಗೆ ಬಂತು. ಆ ನವೆಂಬರಿನಲ್ಲಿ ನನ್ನ ಹೆಂಡತಿಯ ಮಂಡಿಯ ಶಸ್ತ್ರಚಿಕಿತ್ಸೆಗೆ ಹಣ ಬೇಕಾಗಿ ಎಲ್ಲವನ್ನೂ 188ಕ್ಕೆ ಮಾರಿದೆ. ಹಾಕಿದ 3,45,000 ರೂಪಾಯಿಯಲ್ಲಿ ಕೈಗೆ ಬಂದದ್ದು 1,88,000.

ಮಾರುವ ಹಿಂದಿನ ರಾತ್ರಿ ಅವಳು ಕೇಳಿದ ಮಾತು ನೆನಪಿದೆ. “ರೀ, ಆ ಕಂಪನಿ ಚೆನ್ನಾಗಿದೆ ಅಂತ ಎರಡು ವರ್ಷದಿಂದ ಹೇಳ್ತಾ ಇದ್ದೀರಿ. ಹಾಗಾದರೆ ದಿನಾ ಅದನ್ನ ಮಾರ್ತಾ ಇರೋರು ಯಾರು? ಅವರಿಗೆ ಏನು ಗೊತ್ತು?”

ನನ್ನ ಬಳಿ ಉತ್ತರವಿರಲಿಲ್ಲ. ಅದು ಸಿಕ್ಕಿದ್ದು ಮುಂದಿನ ವರ್ಷದ ಲೆಕ್ಕಪತ್ರದಲ್ಲಿ. ವಾಹನಗಳ ಮಾರಾಟ 2019ರಲ್ಲಿ ಕುಸಿದಿತ್ತು. ಕಂಪನಿಯ ಗಳಿಕೆ ಷೇರಿಗೆ 34ರಿಂದ 28ಕ್ಕೆ, ಅಲ್ಲಿಂದ 14ಕ್ಕೆ ಇಳಿದಿತ್ತು. ಬೆಲೆ 190 ಇದ್ದಾಗ ನನ್ನ ಜರಡಿ ಅದನ್ನು ಗಳಿಕೆಯ ಆರು ಪಟ್ಟು ಎಂದು ತೋರಿಸುತ್ತಿತ್ತು. ಆ ವರ್ಷದ ನಿಜವಾದ ಗಳಿಕೆಯ ಪ್ರಕಾರ ಅದು ಹದಿಮೂರು ಪಟ್ಟಿಗಿಂತ ಹೆಚ್ಚೇ ಆಗಿತ್ತು. ಎಂದರೆ, ಬೆಲೆ ಅರ್ಧಕ್ಕಿಂತ ಕೆಳಗಿಳಿದಿದ್ದರೂ ಷೇರು ನಾನು ಮೊದಲು ಕೊಂಡಾಗಿಗಿಂತ ಅಗ್ಗವಾಗಿರಲೇ ಇಲ್ಲ. ಜರಡಿಯ ದೋಷ ಅದರ ಕಣ್ಣುಗಳಲ್ಲಿರಲಿಲ್ಲ. ಅದಕ್ಕೆ ಸುರಿದ ಕಾಳು ಹಳೆಯದಾಗಿತ್ತು. ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕ ನಮಗೆ ಮೇ ತಿಂಗಳಲ್ಲಿ ದೊರೆಯುತ್ತದೆ. ಕಾರ್ಖಾನೆಗೆ ಬರುವ ಆರ್ಡರು ತಗ್ಗಿದ್ದನ್ನು ಬಲ್ಲ ಡೀಲರು, ಸರಬರಾಜುದಾರರು ಆ ಹೊತ್ತಿಗೆ ಮಾರಿ ಮುಗಿಸಿರುತ್ತಾರೆ. ಅವರ ತಿಳಿವಳಿಕೆ ಮೊದಲು ಕಾಣಿಸಿಕೊಳ್ಳುವುದು ಬೆಲೆಯಲ್ಲಿ.

ಹಾಗಾಗಿ ಜರಡಿಯನ್ನು ಬಿಡದೆ, ಅದರ ಮುಂದೆ ಒಂದು ಬಾಗಿಲನ್ನಿಟ್ಟೆ. ತಿಂಗಳ ಕೊನೆಯ ವಹಿವಾಟಿನ ದಿನದ ಬೆಲೆ, ಆ ತಿಂಗಳೂ ಸೇರಿ ಹತ್ತು ತಿಂಗಳ ಕೊನೆಯ ಬೆಲೆಗಳ ಸರಾಸರಿಗಿಂತ ನೂರಕ್ಕೆ ಮೂರರಷ್ಟಾದರೂ ಮೇಲಿರಬೇಕು. ಜರಡಿಯಲ್ಲಿ ಉಳಿದ ಷೇರನ್ನೂ ಆಗ ಮಾತ್ರ ಕೊಳ್ಳುವುದು. ತಿಂಗಳ ಬೆಲೆ ಸರಾಸರಿಗಿಂತ ಕೆಳಗೆ ಮುಗಿದರೆ, ಅಥವಾ ವಾರ್ಷಿಕ ಪರಿಶೀಲನೆಯಲ್ಲಿ ಜರಡಿಯನ್ನು ದಾಟದಿದ್ದರೆ ಮಾರುವುದು. ನಡುವಿನ ದಿನಗಳಲ್ಲಿ ಬೆಲೆಯನ್ನು ನೋಡುವುದಿಲ್ಲ. ಇಳಿಯುವುದೆಂದು ಎಣಿಸಿ ಇಲ್ಲದ ಷೇರನ್ನು ಮಾರುವುದಂತೂ ಇಲ್ಲವೇ ಇಲ್ಲ. ಷೇರು ಕೈಯಲ್ಲಿಲ್ಲದಾಗ ಹಣ ಠೇವಣಿಯಲ್ಲಿರುತ್ತದೆ.

ಅದೇ ಕಂಪನಿಯ ಮೇಲೆ ಹಿಂದಿನಿಂದ ಲೆಕ್ಕ ಹಾಕಿ ನೋಡಿದೆ. 2018ರ ಫೆಬ್ರವರಿಯಲ್ಲಿ ಹತ್ತು ತಿಂಗಳ ಸರಾಸರಿ 415 ಇತ್ತು. 400ರ ಬೆಲೆಗೆ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಮುಂದಿನ ಎರಡೂವರೆ ವರ್ಷ ಅದು ಮುಚ್ಚಿಯೇ ಇತ್ತು. 2020ರ ಮಾರ್ಚ್‌ನಲ್ಲಿ ಬೆಲೆ 110ಕ್ಕೆ ಬಿತ್ತು. ಜುಲೈ ಕೊನೆಯಲ್ಲಿ 165, ಸರಾಸರಿ 161. ದಾಟಿದ್ದು ನಿಜ, ಆದರೆ ಮೂರರಷ್ಟಲ್ಲ. ಆಗಸ್ಟ್ ಕೊನೆಯಲ್ಲಿ 180, ಸರಾಸರಿ 160. ಕುಸಿದ ವರ್ಷವನ್ನೂ ಸೇರಿಸಿ ಸರಾಸರಿ ಗಳಿಕೆ 25 ರೂಪಾಯಿ, ಸಾಲ ಇನ್ನೂ ಕಡಿಮೆಯಾಗಿತ್ತು. ಜರಡಿಯೂ ಒಪ್ಪಿತು, ಬಾಗಿಲೂ ತೆರೆಯಿತು. ಕಳೆದುಕೊಂಡ ಷೇರನ್ನೇ ಮರಳಿ ಕೊಳ್ಳಲು ಕೈ ಹಿಂಜರಿಯಿತು; ಆದರೂ ಸೆಪ್ಟೆಂಬರ್ ಆರಂಭದಲ್ಲಿ ಸಾವಿರ ಷೇರು ಕೊಂಡೆ. ಕೆಳಮಟ್ಟದ 110 ನನಗೆ ಸಿಗಲಿಲ್ಲ. ಎಪ್ಪತ್ತು ರೂಪಾಯಿ ಹೆಚ್ಚು ಕೊಟ್ಟದ್ದು, ಮಾರುವವರು ಮುಗಿದರೆಂಬ ಸಾಕ್ಷ್ಯಕ್ಕೆ ತೆತ್ತ ಬೆಲೆ. 2022ರ ಫೆಬ್ರವರಿಯಲ್ಲಿ ಬೆಲೆ ಸರಾಸರಿಗಿಂತ ಕೆಳಗೆ ಮುಗಿದಾಗ 390ಕ್ಕೆ ಮಾರಿದೆ. ಹಳೆಯ ಗುಂಡಿ ತುಂಬಿ ಸ್ವಲ್ಪ ಉಳಿಯಿತು.

ಇದನ್ನು ಯಶಸ್ಸಿನ ಕಥೆಯೆಂದು ಹೇಳಿ ಮುಗಿಸಿದರೆ ಅಪ್ರಾಮಾಣಿಕತೆಯಾದೀತು. ನಿಫ್ಟಿ ಸೂಚ್ಯಂಕವನ್ನೇ ಇದೇ ಸರಾಸರಿಯಿಂದ ಅಳೆದು ನೋಡಿ. 2020ರ ಫೆಬ್ರವರಿ ಕೊನೆಯಲ್ಲಿ ಅದು 11,202ಕ್ಕೆ ಮುಗಿದು ಸರಾಸರಿಗಿಂತ ಕೆಳಗಿಳಿಯಿತು. ನಿಯಮ ಪಾಲಿಸಿದವನು ಆಗ ಹೊರಬರುತ್ತಿದ್ದ. ಮಾರ್ಚ್ 23ರಂದು ಅದು 7,610ಕ್ಕೆ ಮುಗಿಯಿತು. ಸರಾಸರಿಯನ್ನು ಅದು ಮತ್ತೆ ದಾಟಿದ್ದು ಜುಲೈ ಕೊನೆಯಲ್ಲಿ, ಆಗ 11,073. ಮಾರಿದ ಬೆಲೆಗೇ ಬಹುತೇಕ ಮರಳಿ ಕೊಂಡಂತಾಯಿತು. ಖರ್ಚು, ತೆರಿಗೆ ಕಳೆದರೆ ಲಾಭವೇ ಇಲ್ಲ. ಉಳಿದದ್ದು ಆ ಮಾರ್ಚ್‌ನ ನಿದ್ದೆ, ಅಷ್ಟೇ. ನನ್ನ ವಯಸ್ಸಿಗೆ ಅದು ಸಣ್ಣದಲ್ಲ, ಆದರೆ ಅದನ್ನು ಲಾಭವೆಂದು ಕರೆಯಲಾಗದು.

ಬೆಲೆ ಎತ್ತಲೂ ಸಾಗದೆ ತೂಗಾಡುವಾಗ ಈ ಬಾಗಿಲು ಪದೇ ಪದೇ ತೆರೆದು ಮುಚ್ಚುತ್ತದೆ. ಔಷಧ ಕಂಪನಿಯೊಂದರಲ್ಲಿ ಹದಿನಾಲ್ಕು ತಿಂಗಳಲ್ಲಿ ಮೂರು ಬಾರಿ ಹೊಕ್ಕು ಹೊರಬಂದೆ. ಪ್ರತಿಸಲವೂ ನೂರಕ್ಕೆ ಐದರಷ್ಟು ಸೋರಿತು. ಮೂರರ ಅಂತರ ಇಂಥ ಸೋರಿಕೆಯನ್ನು ತಗ್ಗಿಸುತ್ತದೆ, ನಿಲ್ಲಿಸುವುದಿಲ್ಲ. ಇನ್ನೊಮ್ಮೆ ಬೆಲೆ ಒಂದೇ ತಿಂಗಳಲ್ಲಿ ಐದನೆಯ ಒಂದಾಗಿ ಕಂಡು, ಮಾರಲು ಹೊರಟೆ. ನೋಡಿದರೆ ಹತ್ತು ರೂಪಾಯಿ ಮುಖಬೆಲೆಯ ಷೇರನ್ನು ಎರಡು ರೂಪಾಯಿಯ ಐದಾಗಿ ಒಡೆದಿದ್ದರು. ಹಳೆಯ ಬೆಲೆಗಳನ್ನೂ ಐದರಿಂದ ಭಾಗಿಸದೆ ಸರಾಸರಿ ತೆಗೆದದ್ದು ನನ್ನದೇ ತಪ್ಪು. ಬೋನಸ್ ಷೇರು ಕೊಟ್ಟಾಗಲೂ ಹೀಗೆಯೇ ಸರಿಪಡಿಸಿಕೊಳ್ಳಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ನಾನು ಕಾಯುವುದು ಕ್ರಮವನ್ನು. ಮೊದಲು ಜರಡಿ, ಆಮೇಲೆ ಬಾಗಿಲು. ಏರುತ್ತಿರುವ ಬೆಲೆಯನ್ನು ಮೊದಲು ನೋಡಿದರೆ, ಹದಿನೈದು ಪಟ್ಟು ಹದಿನೆಂಟಾದರೇನು ಎಂದು ಮನಸ್ಸು ಜರಡಿಯ ಕಣ್ಣನ್ನು ಹಿಗ್ಗಿಸತೊಡಗುತ್ತದೆ. ಈ ತಿಂಗಳು ಪುಸ್ತಕದಲ್ಲಿ ಜರಡಿ ದಾಟಿದ ಹೆಸರು ಏಳಿವೆ. ಐದರ ಮುಂದೆ ‘ಕಾಯಬೇಕು’ ಎಂದು ಬರೆದಿದ್ದೇನೆ. ಪುಟ ತೆರೆದಾಗಲೆಲ್ಲ ಹೆಂಡತಿಯ ಪ್ರಶ್ನೆಯನ್ನೇ ಕೇಳಿಕೊಳ್ಳುತ್ತೇನೆ: ಮಾರುತ್ತಿರುವವರು ಯಾರು, ಅವರು ಇನ್ನೂ ಮುಗಿಸಿಲ್ಲವೇ?