ಠೇವಣಿ ಮರಳಿ ಕೇಳುವ ಪತ್ರ

ಬಾಡಿಗೆ ಮನೆ ಬಿಟ್ಟ ಮೇಲೆ ಠೇವಣಿ ಮರಳಿ ಕೇಳುವ ಪತ್ರಕ್ಕೆ ಇಬ್ಬರು ಓದುಗರಿರುತ್ತಾರೆ. ಮೊದಲನೆಯವರು ಮನೆ ಮಾಲಕರು. ಎರಡನೆಯವರು, ಹಣ ಬರದೇ ಹೋದರೆ, ಮುಂದೆಂದೋ ಆ ಕಾಗದವನ್ನು ಕೈಯಲ್ಲಿ ಹಿಡಿಯುವ ನ್ಯಾಯಾಧೀಶರು ಅಥವಾ ಲೋಕ ಅದಾಲತಿನ ಸಂಧಾನಕಾರರು. ಮಾಲಕರಿಗೆ ಎಲ್ಲವೂ ಗೊತ್ತಿರುತ್ತದೆ, ಆದ್ದರಿಂದ ಅರ್ಧ ಹೇಳಿದರೂ ಅವರಿಗೆ ತಿಳಿಯುತ್ತದೆ. ಎರಡನೆಯ ಓದುಗರಿಗೆ ಕಾಗದದಲ್ಲಿ ಇದ್ದಷ್ಟೇ ಗೊತ್ತು. ಪತ್ರವನ್ನು ತಿದ್ದುವಾಗ ಕಣ್ಣು ಅವರ ಮೇಲಿರಬೇಕು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಇಂಥ ಪತ್ರ ಬರೆಯುವವರು ಹೆಚ್ಚಾಗಿ ವರ್ಗಾವಣೆಯಾಗುವ ನೌಕರರು. ಒಂದು ಉದಾಹರಣೆ ಕಲ್ಪಿಸಿಕೊಳ್ಳಬಹುದು. ಚಿಕ್ಕೋಡಿಯಲ್ಲಿ ಮನೆ ಹಿಡಿದಿದ್ದ ಶಿಕ್ಷಕರೊಬ್ಬರಿಗೆ ಅಥಣಿಗೆ ವರ್ಗವಾಗಿದೆ. ತಿಂಗಳಿಗೆ 5,000 ರೂಪಾಯಿ ಬಾಡಿಗೆ, 30,000 ರೂಪಾಯಿ ಠೇವಣಿ, 2024ರ ಜೂನ್ 1ರಿಂದ ಹನ್ನೊಂದು ತಿಂಗಳ ಕರಾರು, ಬಿಡುವ ಮುಂಚೆ ಒಂದು ತಿಂಗಳು ತಿಳಿಸಬೇಕೆಂಬ ಷರತ್ತು. ಅವರು ಮೊದಲು ಬರೆದ ಕಾಗದ ಹೀಗಿದೆ ಎಂದುಕೊಳ್ಳೋಣ:

"ಮಾಲಕರಿಗೆ ನಮಸ್ಕಾರ. ನಾ ನಿಮ್ಮ ಮನ್ಯಾಗ ಹನ್ನೊಂದ ತಿಂಗಳ ಇದ್ದೇನಿ, ಮೇ ಒಂದಕ್ಕ ಮುಗದೈತಿ. ಉಗಾದಿ ಮರುದಿನ ಹೇಳೇನಿ, ಬಸವ ಜಯಂತಿಗೆ ಕೀಲಿ ಕೊಟ್ಟೇನಿ. ಮನಿ ಖಾಲಿ ಮಾಡಿ ಡಿಪಾಜಿಟ್ ಇನ್ನೂ ಕೊಟ್ಟಿಲ್ಲ. ತಾವು ದೊಡ್ಡವರು, ದಯಾ ಇರಲಿ. ಇಲ್ಲಾಂದ್ರ ಪೊಲೀಸರಿಗೆ ಹೇಳಬೇಕಾಗತೈತಿ."

ಆಡುಮಾತಿನಲ್ಲಿ ಬರೆದದ್ದು ಇಲ್ಲಿ ದೊಡ್ಡ ತಪ್ಪೇನಲ್ಲ. ಆ ಮಾತು ಮಾಲಕರಿಗೂ ಆಪ್ತವೇ. ನಿಜವಾದ ತೊಡಕು "ಮನಿ ಖಾಲಿ ಮಾಡಿ ಡಿಪಾಜಿಟ್ ಇನ್ನೂ ಕೊಟ್ಟಿಲ್ಲ" ಎಂಬ ವಾಕ್ಯದಲ್ಲಿದೆ. ಕನ್ನಡದಲ್ಲಿ "ಮಾಡಿ", "ಹೋಗಿ", "ಬಂದು" ಎಂಬಂಥ ರೂಪ ಬಂದರೆ, ಆ ಕೆಲಸವನ್ನೂ ಮುಂದಿನ ಕ್ರಿಯಾಪದದ ಕೆಲಸವನ್ನೂ ಒಬ್ಬರೇ ಮಾಡಿದರೆಂದು ಸಾಮಾನ್ಯವಾಗಿ ಅರ್ಥ. ಆ ಲೆಕ್ಕದಲ್ಲಿ ಮನೆ ಖಾಲಿ ಮಾಡಿದವರೂ ಹಣ ಕೊಡದವರೂ ಒಬ್ಬರೇ ಆಗುತ್ತಾರೆ. "ನಾನು ಮನೆ ಖಾಲಿ ಮಾಡಿದ ಮೇಲೂ ತಾವು ಠೇವಣಿ ಮರಳಿಸಿಲ್ಲ" ಎಂದು ಇಬ್ಬರನ್ನೂ ಬೇರೆಬೇರೆ ನಿಲ್ಲಿಸಿದಾಗ ಮಾತ್ರ ಯಾರು ಏನು ಮಾಡಿದರು, ಏನು ಮಾಡಲಿಲ್ಲ ಎಂಬುದು ನಿಚ್ಚಳವಾಗುತ್ತದೆ. "ನಿಮ್ಮ" ಎಂದು ಶುರುವಾದದ್ದು "ತಾವು" ಆಗಿರುವುದನ್ನೂ ಒಂದೇ ರೂಪಕ್ಕೆ ತರಬೇಕು. ಈ ಪತ್ರಕ್ಕೆ "ತಾವು" ಒಪ್ಪುತ್ತದೆ.

ತಾರೀಖುಗಳಲ್ಲಿ ಇದಕ್ಕಿಂತ ಹೆಚ್ಚಿನ ಅಪಾಯವಿದೆ. ಜೂನ್ 1ಕ್ಕೆ ಶುರುವಾದ ಹನ್ನೊಂದು ತಿಂಗಳು ಏಪ್ರಿಲ್ 30ಕ್ಕೆ ಮುಗಿಯುತ್ತದೆ, ಮೇ 1ಕ್ಕಲ್ಲ. "ಮೇ ಒಂದಕ್ಕ" ಎಂದು ಬರೆದುಕೊಟ್ಟರೆ ಹೊಸ ತಿಂಗಳಿಗೆ ಕಾಲಿಟ್ಟಂತಾಯಿತು, ಮೇ ತಿಂಗಳ ಬಾಡಿಗೆಯನ್ನೂ ಮುರಿದುಕೊಳ್ಳುವ ವಾದಕ್ಕೆ ಬಾಡಿಗೆದಾರರೇ ದಾರಿ ಮಾಡಿಕೊಟ್ಟಂತಾಯಿತು. ಹಬ್ಬಗಳ ಲೆಕ್ಕವೂ ಕಾಗದದಲ್ಲಿ ನಿಲ್ಲುವುದಿಲ್ಲ. 2025ರಲ್ಲಿ ಯುಗಾದಿ ಮಾರ್ಚ್ 30ರಂದು, ಬಸವ ಜಯಂತಿ ಏಪ್ರಿಲ್ 30ರಂದು ಬಂದವು. ಮರುವರ್ಷ ಅವೇ ಹಬ್ಬಗಳು ಬೇರೆ ತಾರೀಖಿಗೆ ಬರುತ್ತವೆ. ಆದ್ದರಿಂದ ತಿಳಿಸಿದ ದಿನ 31-03-2025, ಕೀಲಿ ಕೊಟ್ಟ ದಿನ 30-04-2025 ಎಂದು ಅಂಕಿಗಳಲ್ಲೇ ಬರೆಯಬೇಕು. ಏಪ್ರಿಲಿಗೆ 31ನೇ ತಾರೀಖಿಲ್ಲದ ಕಾರಣ ಒಂದು ತಿಂಗಳ ಷರತ್ತೂ ಆ ದಿನಕ್ಕೇ ಪೂರೈಸಿತು. ಹಬ್ಬದ ಹೆಸರಿನಲ್ಲಿ ಮುಚ್ಚಿಹೋಗಿದ್ದ ಈ ಅನುಕೂಲ ಅಂಕಿ ಬರೆದ ಕೂಡಲೇ ಕಣ್ಣಿಗೆ ಬೀಳುತ್ತದೆ.

ಇನ್ನು ಧಾಟಿ. "ದಯಾ ಇರಲಿ" ಎಂದಾಗ ತನ್ನದೇ ಹಣವನ್ನು ದಾನವಾಗಿ ಬೇಡಿದಂತಾಗುತ್ತದೆ. ಪೊಲೀಸರ ಮಾತು ಅದಕ್ಕಿಂತ ಕೆಟ್ಟದ್ದು. ಠೇವಣಿಯ ತಕರಾರು ಮೂಲತಃ ದಿವಾಣಿ ವ್ಯವಹಾರ. ಹುಸಿ ಬೆದರಿಕೆ ಎಂದು ಮಾಲಕರಿಗೂ ಗೊತ್ತಾಗುತ್ತದೆ, ನಾಳೆ ನ್ಯಾಯಾಲಯದಲ್ಲಿ ಬರೆದವರ ಸಜ್ಜನಿಕೆಯೂ ಕುಂದುತ್ತದೆ. ಬಿಗಿಯಾದ ಪತ್ರಕ್ಕೆ ಬೇಕಾದದ್ದು ಮೊತ್ತ, ಗಡುವು, ಗಡುವು ಮೀರಿದರೆ ಮುಂದಿನ ಹೆಜ್ಜೆ. ಅದರಲ್ಲಿ ತನ್ನ ಬಾಕಿಯನ್ನು ತಾನೇ ಒಪ್ಪಿಕೊಳ್ಳುವುದು ಸೇರಿದರೆ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. ಇಲ್ಲಿ ಹೆಸ್ಕಾಂನ ಕೊನೆಯ ಬಿಲ್ಲು 640 ರೂಪಾಯಿ ಬಾಕಿ ಇದೆ ಎಂದಿಟ್ಟುಕೊಂಡರೆ ತಿದ್ದಿದ ಪತ್ರ ಹೀಗಾಗುತ್ತದೆ:

"ಅಥಣಿ, ದಿನಾಂಕ 02-06-2025.
ಮಾನ್ಯರೇ,
ಚಿಕ್ಕೋಡಿಯ ತಮ್ಮ ಮನೆಯಲ್ಲಿ ನಾನು 01-06-2024ರಿಂದ 30-04-2025ರವರೆಗೆ ಬಾಡಿಗೆಗಿದ್ದೆ. ಕರಾರಿನಂತೆ 30,000 (ಮೂವತ್ತು ಸಾವಿರ) ರೂಪಾಯಿ ಠೇವಣಿ ಕೊಟ್ಟಿದ್ದೆ. ಮನೆ ಬಿಡುವುದಾಗಿ 31-03-2025ರಂದು ತಮಗೆ ಖುದ್ದಾಗಿಯೂ ವಾಟ್ಸಾಪ್ ಮೂಲಕವೂ ತಿಳಿಸಿ, 30-04-2025ರಂದು ಮನೆ ಖಾಲಿ ಮಾಡಿ ಕೀಲಿ ಒಪ್ಪಿಸಿದ್ದೇನೆ. ಅಲ್ಲಿಯವರೆಗಿನ ಬಾಡಿಗೆ ಪೂರ್ತಿ ಸಂದಾಯವಾಗಿದೆ. ಕೊನೆಯ ವಿದ್ಯುತ್ ಬಿಲ್ಲಿನ 640 ರೂಪಾಯಿ ಕಳೆದು ಉಳಿದ 29,360 (ಇಪ್ಪತ್ತೊಂಬತ್ತು ಸಾವಿರದ ಮುನ್ನೂರ ಅರವತ್ತು) ರೂಪಾಯಿಯನ್ನು 17-06-2025ರೊಳಗೆ ನನ್ನ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕೆಂದು ಕೋರುತ್ತೇನೆ. ಬೇರೆ ಏನಾದರೂ ಮುರಿದುಕೊಳ್ಳಬೇಕೆಂದಿದ್ದರೆ ಅದರ ವಿವರ ಮತ್ತು ರಸೀದಿಯನ್ನು ಅದೇ ಅವಧಿಯೊಳಗೆ ಲಿಖಿತವಾಗಿ ತಿಳಿಸಿರಿ. ಗಡುವು ಮೀರಿದರೆ 18-06-2025ರಿಂದ ಬಡ್ಡಿಯನ್ನೂ ಕೇಳುವೆನು ಮತ್ತು ಕಾನೂನಿನಂತೆ ವಸೂಲಿಗೆ ಮುಂದಾಗುವೆನು.
ತಮ್ಮ ವಿಶ್ವಾಸಿ"

ಇದರಲ್ಲಿ ಬಡ್ಡಿಯ ಮಾತು ಹೆದರಿಸಲು ಸೇರಿಸಿದ್ದಲ್ಲ. 1978ರ ಬಡ್ಡಿ ಕಾಯ್ದೆಯ 3ನೇ ಕಲಮಿನ ಪ್ರಕಾರ, ಬಡ್ಡಿ ಕೇಳುವುದಾಗಿ ಲಿಖಿತ ನೋಟಿಸು ಕೊಟ್ಟಿದ್ದರೆ ಅದರಲ್ಲಿ ಹೇಳಿದ ದಿನದಿಂದ ನ್ಯಾಯಾಲಯ ಬಡ್ಡಿ ಕೊಡಿಸಬಹುದು. ದರ ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು, ಆದ್ದರಿಂದ ಪತ್ರದಲ್ಲಿ ಮನಸ್ಸಿಗೆ ಬಂದ ಶೇಕಡಾವಾರು ಬರೆಯದಿರುವುದು ಲೇಸು. ಕಡಿತದ ವಿವರ ಕೇಳಿದ್ದಕ್ಕೂ ಕಾರಣವಿದೆ. ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿ ಅಲ್ಲಲ್ಲಿ ಇದೆ. ಕರಾರಿನಲ್ಲಿ ಹಾಗೆ ಬರೆದಿದ್ದರೆ ಅದು ಸರಿ. ಬರೆದಿಲ್ಲವಾದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ವಾಸದಿಂದ ಸಹಜವಾಗಿ ಆಗುವ ಸವಕಳಿಯ ಹೊಣೆಯನ್ನು ಬಾಡಿಗೆದಾರರ ಮೇಲೆ ಹೊರಿಸುವುದಿಲ್ಲ. ಗೋಡೆ ಮಾಸಿದ್ದು ಸವಕಳಿ. ಒಡೆದ ವಾಶ್‌ಬೇಸಿನ್ ಸವಕಳಿಯಲ್ಲ, ಅದನ್ನು ತುಂಬಿಕೊಡಬೇಕು.

ಗಡಿಭಾಗದಲ್ಲಿ, ಅದರಲ್ಲೂ ನಿಪ್ಪಾಣಿಯಂಥ ಊರಲ್ಲಿ, ಕೆಲವು ಮಾಲಕರು ಓದುವುದು ಮರಾಠಿಯನ್ನು. ಅಂಥವರಿಗೆ ಕನ್ನಡ ಪತ್ರದ ಜೊತೆ ಮರಾಠಿ ಪ್ರತಿಯನ್ನೂ ಇಡುವುದು ಸೌಜನ್ಯ, ಜಾಣತನವೂ ಹೌದು. ನನಗೆ ಓದಲು ಬರಲಿಲ್ಲ ಎಂಬ ಮಾತಿಗೆ ಆಗ ಎಡೆಯಿರುವುದಿಲ್ಲ. ಎರಡೂ ಪ್ರತಿಗಳಲ್ಲಿ ತಾರೀಖು, ಮೊತ್ತ ಒಂದೇ ಇರುವಂತೆ ತಾಳೆ ನೋಡಬೇಕು.

ಪತ್ರವನ್ನು ಕೈಗೆ ಕೊಟ್ಟರೆ ನಕಲಿನ ಮೇಲೆ ಸಹಿ ಪಡೆಯಬೇಕು. ಇಲ್ಲವೇ ದಾಖಲಾಗುವ ಅಂಚೆಯಲ್ಲಿ ಕಳಿಸಬೇಕು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸೇವೆ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ಹಾಗಾಗಿ ಈಗ ಅಂಚೆ ಕಚೇರಿಯಲ್ಲಿ ಕೇಳಬೇಕಾದದ್ದು ತಲುಪಿದ್ದಕ್ಕೆ ಪುರಾವೆ ಸಿಗುವ ಸ್ಪೀಡ್ ಪೋಸ್ಟನ್ನು. ರಸೀದಿ, ಪತ್ರದ ನಕಲು, ಕರಾರು, ಕೀಲಿ ಕೊಟ್ಟ ದಿನದ ಫೋಟೊ ಒಂದೇ ಕಡೆ ಇರಲಿ.

ಮಾಲಕರು ಫೋನಿನಲ್ಲಿ "ನೋಡೋಣ ಸರ್, ಮುಂದಿನ ತಿಂಗಳ" ಎನ್ನುವುದು ಸಾಮಾನ್ಯ. ಈ ಮಾತಿನಿಂದ ಕಾಲಮಿತಿ ಬೆಳೆಯುವುದಿಲ್ಲ. ಇಂಥ ಹಣದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಮಿತಿಯಿದ್ದು, ಅದು ಮುಗಿಯುವ ಮುನ್ನ ಬಾಕಿಯನ್ನು ಒಪ್ಪಿ ಬರೆದು ಸಹಿ ಮಾಡಿದ ಕಾಗದ ಸಿಕ್ಕರೆ ಮಾತ್ರ, 1963ರ ಕಾಲಮಿತಿ ಕಾಯ್ದೆಯ 18ನೇ ಕಲಮಿನಂತೆ, ಎಣಿಕೆ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಗಡುವು ದಾಟಿದ ಮೇಲೂ ಹಣ ಬರದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು, ದಾವೆ ಹೂಡುವ ಮೊದಲೇ ಲೋಕ ಅದಾಲತಿನ ಮುಂದೆ ರಾಜಿಗೆ ಕರೆಸಬಹುದು. ರಾಜಿಗೆ ಮಾಲಕರು ಒಪ್ಪಿದರೆ ಅಲ್ಲಿನ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿರುತ್ತದೆ. ಒಪ್ಪದಿದ್ದರೆ ಉಳಿಯುವುದು ಸಿವಿಲ್ ದಾವೆ, ಅದಕ್ಕೆ ಲಗತ್ತಿಸುವ ದಾಖಲೆಗಳಲ್ಲಿ 02-06-2025ರ ಈ ಪತ್ರವೂ ಸೇರುತ್ತದೆ.