ಅರ್ಜಿಯಲ್ಲಿಲ್ಲದ ಕಾರಣ

18 ವರ್ಷಗಳ ದಾಂಪತ್ಯವನ್ನು ನಾವು ಪುಣೆಯಲ್ಲಿ ಪರಸ್ಪರ ಒಪ್ಪಿಗೆಯಿಂದ ಮುಗಿಸಿದೆವು. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮು ಒಳಗಿನ ಕಾರಣವನ್ನು ಕೆದಕುವುದಿಲ್ಲ. ಒಂದು ವರ್ಷ ಬೇರೆಯಾಗಿದ್ದು, ಕೂಡಿ ಬಾಳಲಾಗದೆಂದು ಇಬ್ಬರೂ ಒಪ್ಪಿದರೆ ಸಾಕು. ‘ಹೊಂದಾಣಿಕೆಯಾಗಲಿಲ್ಲ’ ಎಂಬ ಮಾತಿನ ಕೆಳಗೆ ಸಹಿ ಹಾಕಿದೆವು.

ನಮ್ಮಿಬ್ಬರಲ್ಲಿ ಗಂಡನಿಗೆ, ಎಂದರೆ ಇದನ್ನು ಬರೆಯುತ್ತಿರುವವನಿಗೆ, ತನ್ನ ಒಲವು ಗಂಡಸರತ್ತ ಎಂಬುದು ತಾಳಿ ಕಟ್ಟುವ ಮೊದಲೇ ಗೊತ್ತಿತ್ತು. ಹೆಂಡತಿಗೆ ತಿಳಿದದ್ದು ಹದಿನಾರನೆಯ ವರ್ಷ. ಅಲ್ಲಿಯವರೆಗೆ ಆಕೆ ಕೊರತೆ ತನ್ನದೇ ಎಂದು ನಂಬಿ ಸೋಮವಾರದ ಉಪವಾಸ ಹಿಡಿದಳು, ಮೈ ಇಳಿಸಿದಳು, ಹೊಸ ಸೀರೆಯುಟ್ಟು ಕಾದಳು. 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇಂಥ ಒಲವು ಅಪರಾಧವಲ್ಲವೆಂದ ಸಂಜೆ ನಾವು ಟಿವಿಯ ಮುಂದೆ ಕುಳಿತೇ ಉಂಡೆವು. ಕಾನೂನಿನ ಅಂಜಿಕೆ ಅಂದಿಗೆ ತೀರಿತ್ತು; ಆದರೂ ಗಂಡ ಬಾಯಿ ಬಿಡಲಿಲ್ಲ. ಆ ಮೌನಕ್ಕೆ ಈಗ ಯಾವ ನೆಪವೂ ಸಿಗುತ್ತಿಲ್ಲ.

ಬೇರೆಯಾದ ಮೇಲೂ ನಾವು ಒಬ್ಬರಿಗಾಗಿ ಒಬ್ಬರು ಅಳುತ್ತೇವೆ. ಸಂಜೆ ಏಳಕ್ಕೆ ಎರಡು ಲೋಟ ಚಹಾ ಸೋಸುವ ಕೈ ಇನ್ನೂ ತಿದ್ದಿಕೊಂಡಿಲ್ಲ.

ಧಾರವಾಡದಲ್ಲಿ ಜನ ದೂರುವುದು ಆಕೆಯನ್ನೇ: ಮಕ್ಕಳಾಗಲಿಲ್ಲವೆಂದು ಬಿಟ್ಟನಂತೆ. ನಿಜ ಹೇಳಿಬಿಡಲೇ ಎಂದು ಫೋನಿನಲ್ಲಿ ಕೇಳಿದಾಗ ಆಕೆ ತುಸು ಹೊತ್ತು ಸುಮ್ಮನಿದ್ದಳು.

“ಬ್ಯಾಡ್ರಿ. ಈ ಸಂಬಂಧ ಹುಡುಕಿದಾಕಿ ನಮ್ಮವ್ವ. ಆಕಿ ಇರೋತನಕ ಬ್ಯಾಡ್ರಿ.”