ಒಂದು ಅರ್ಜಿ, ಐದು ಅಕ್ಷರಗಳು

ನಮ್ಮ ವಾರಾಂತ್ಯದ ಕನ್ನಡ ತರಗತಿಗೆ ಶಿಕ್ಷಕಿಯಾಗಲು ಬಯಸಿ, ಈಚೆಗೆ ಲಾಸ್ ಗ್ಯಾಟೋಸ್‌ಗೆ ಬಂದು ನೆಲೆಸಿದ ಸೋದರಿಯೊಬ್ಬರು ಒಂದು ಮಿಂಚಂಚೆಯನ್ನು ಕಳುಹಿಸಿದ್ದರು. ಶಿಷ್ಟಾಚಾರಕ್ಕೆ ಕೊರತೆಯಿರಲಿಲ್ಲ. ‘ಮಾನ್ಯರೇ’ ಎಂದು ಆರಂಭಿಸಿ, ಡಿ.ಎಡ್., ಬಿ.ಎ., ಬಿ.ಎಡ್., ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆ, ಹನ್ನೊಂದು ವರ್ಷಗಳ ಬೋಧನಾನುಭವ ಎಂದು ಸಾಲಾಗಿ ಬರೆದಿದ್ದರು. ಪಟ್ಟಿಯ ತುದಿಯಲ್ಲಿ, ಅಷ್ಟೇನೂ ಮುಖ್ಯವಲ್ಲವೆಂಬಂತೆ, ‘ನಲಿ-ಕಲಿ ತರಬೇತಿ ಪಡೆದಿರುತ್ತೇನೆ’ ಎಂಬ ಸಾಲಿತ್ತು. ಅನಂತರ ಹೀಗೆ: ‘ತಾವು ಒಪ್ಪಿದಲ್ಲಿ ಮೂವತ್ತು ನಿಮಿಷಗಳ ಪ್ರಾತ್ಯಕ್ಷಿಕೆ ಪಾಠವನ್ನು ಮಾಡಿ ತೋರಿಸುವೆನು. ಅಕ್ಷರವನ್ನೇ ಅರಿಯದ ಮಕ್ಕಳಿರಲಿ.’

ವೈದ್ಯರಾದ ನಮಗೆ ಪದವಿಗಳ ಸಾಲನ್ನು ಓದುವ ಅಭ್ಯಾಸವಿದೆ. ಎಂ.ಬಿ.ಬಿ.ಎಸ್. ಎಂಬ ಅಕ್ಷರಗಳು ಇಂತಹ ಪರೀಕ್ಷೆಗಳಲ್ಲಿ ತೇರ್ಗಡೆಯಾದರೆಂದು ಹೇಳುತ್ತವೆಯೇ ಹೊರತು ಕೈಗುಣವನ್ನು ಹೇಳಲಾರವು. ಆದರೆ ಆ ಕೊನೆಯ ಸಾಲು ನಮ್ಮನ್ನು ಹಿಡಿದು ನಿಲ್ಲಿಸಿತು.

ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರಕಾರಿ ಶಾಲೆಗಳಲ್ಲಿ ಆರಂಭವಾದ ಪದ್ಧತಿ. ಒಬ್ಬರೇ ಶಿಕ್ಷಕರು, ಒಂದೇ ಕೊಠಡಿ, ಅದರಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು. ಪ್ರತಿಯೊಂದು ಮಗುವೂ ಕಲಿಕೆಯ ಏಣಿಯಲ್ಲಿ ತಾನಿರುವ ಮೆಟ್ಟಿಲಿನ ಕಾರ್ಡನ್ನು ಎತ್ತಿಕೊಂಡು ಮುಂದುವರಿಯುತ್ತದೆ. ಆರರಿಂದ ಹನ್ನೆರಡು ವಯಸ್ಸಿನವರನ್ನು ಒಂದೇ ಜಮಖಾನೆಯ ಮೇಲೆ ಕೂರಿಸುವ ನಮ್ಮ ತರಗತಿಗೂ ಆ ಕೊಠಡಿಗೂ ಇರುವ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಶೇಷವೆಂದರೆ ಅಕ್ಷರಗಳ ಕ್ರಮ. ಅಲ್ಲಿ ಅ, ಆ, ಇ, ಈ ಎಂದು ಮೊದಲಾಗುವುದಿಲ್ಲ. ರ, ಗ, ಸ, ದ, ಅ ಎಂಬ ಐದರಿಂದ ಮೊದಲಾಗುತ್ತದೆ. ಸ್ವರಗಳನ್ನೆಲ್ಲ ಕಲಿತ ಮಗುವಿಗೆ ಓದಲು ಒಂದು ಪದವೂ ದಕ್ಕುವುದು ಕಷ್ಟ. ಈ ಐದನ್ನು ಕಲಿತ ಮಗು ಸರ, ರಸ, ಅರಸ, ಅಗಸ, ದಸರ ಎಂದು ಅಂದೇ ಓದಬಲ್ಲದು. ಕಾಗುಣಿತವಾಗಲಿ ಒತ್ತಕ್ಷರವಾಗಲಿ ಅಡ್ಡ ಬರುವುದಿಲ್ಲ. ವಾರಕ್ಕೆ ಒಂದೂವರೆ ಗಂಟೆ ಮಾತ್ರ ದೊರೆಯುವ ನಮ್ಮಲ್ಲಿ ವರ್ಣಮಾಲೆ ಮುಗಿಯುವ ಮೊದಲೇ ಅನೇಕ ಮಕ್ಕಳು ಕಾಲ್ಚೆಂಡಿನ ಮೈದಾನ ಸೇರಿರುತ್ತಾರೆ.

ಪ್ರಾತ್ಯಕ್ಷಿಕೆಗೆ ಒಪ್ಪಿದೆವು; ಒಂದು ಷರತ್ತನ್ನೂ ಬರೆದೆವು. ಕೊನೆಯ ಐದು ನಿಮಿಷಗಳಲ್ಲಿ, ಪಾಠದಲ್ಲಿ ಬಾರದ ಒಂದು ಪದವನ್ನು ನಾವು ಹಲಗೆಯ ಮೇಲೆ ಬರೆಯುವೆವು. ಮಕ್ಕಳು ಅದನ್ನು ಓದಿದರೆ ಅಕ್ಷರ ಬಂದಿದೆ. ಹೇಳಿಕೊಟ್ಟ ಪದಗಳನ್ನಷ್ಟೇ ಒಪ್ಪಿಸಿದರೆ ಬಂದಿರುವುದು ಬಾಯಿಪಾಠ.

ಆ ಭಾನುವಾರ ಆರು ಮಕ್ಕಳಿದ್ದರು. ಶಿಕ್ಷಕಿಯವರು ಕೊರಳ ಸರವನ್ನು ಮುಟ್ಟಿ ತೋರಿಸಿ ‘ಇದೇನು?’ ಎಂದರು. ಉತ್ತರ ಬಂದ ಮೇಲೆಯೇ ‘ಸ’ ಮತ್ತು ‘ರ’ಗಳ ಕಾರ್ಡುಗಳು ಹೊರಬಂದವು. ಹಬ್ಬದ ಗೊಂಬೆಯಿಂದ ‘ದಸರ’ ಬಂದಿತು. ಕೊನೆಗೆ ನಾವು ‘ಗರಗಸ’ ಎಂದು ಬರೆದೆವು. ನಾಲ್ಕು ಮಕ್ಕಳು ಬೆರಳಿಟ್ಟು ಒಂದೊಂದೇ ಅಕ್ಷರವನ್ನು ಕೂಡಿಸಿ ಓದಿಬಿಟ್ಟರು. ಹಿಂದೆ ಕುಳಿತಿದ್ದ ತಾಯಂದಿರು ಚಪ್ಪಾಳೆ ತಟ್ಟುವಷ್ಟರಲ್ಲಿ ಒಬ್ಬ ಹುಡುಗ ಕೇಳಿದ: ‘ಆಂಟಿ, ಹಾಗಂದ್ರೆ ಏನು?’

ಪದ್ಧತಿಯ ಮಿತಿ ಕಂಡುದು ಅಲ್ಲಿಯೇ. ಹೆಗ್ಗಡದೇವನಕೋಟೆಯಲ್ಲಿ ಕನ್ನಡ ಮನೆಮಾತಾದ ಮಗುವಿನ ಕಿವಿಯಲ್ಲಿ ಪದವು ಮೊದಲೇ ಇರುತ್ತದೆ. ಅಕ್ಷರಗಳನ್ನು ಕೂಡಿಸಿದೊಡನೆ ಗುರುತು ಹತ್ತುತ್ತದೆ. ಇಲ್ಲಿಯ ಮಗು ಓದಿದ್ದು ಬರಿಯ ಧ್ವನಿ. ಅಗಸ, ಅರಸ ಎಂಬಿವೂ ಅದಕ್ಕೆ ಹಾಗೆಯೇ. ಶಿಕ್ಷಕಿಯವರು ಇದನ್ನು ನಮಗಿಂತ ಬೇಗ ಕಂಡುಕೊಂಡರು. ಮರುದಿನದ ಮಿಂಚಂಚೆಯಲ್ಲಿ ಹೊಸ ಅರ್ಹತೆಗಳೇನೂ ಇರಲಿಲ್ಲ. ಇಷ್ಟಿತ್ತು: ‘ಅಕ್ಷರಕ್ಕೆ ಮೊದಲು ಹತ್ತು ನಿಮಿಷ ಮಾತಿಗೇ ಬೇಕು ಸರ್. ಮನೆಯಲ್ಲಿ ದಿನವೂ ಕಿವಿಗೆ ಬೀಳುವ ಪದಗಳ ಪಟ್ಟಿಯನ್ನು ಪೋಷಕರಿಂದ ತರಿಸಿಕೊಡಿ. ಕಾರ್ಡುಗಳನ್ನು ಅದರಿಂದಲೇ ಮಾಡುತ್ತೇನೆ.’

ಆಯ್ಕೆಗೆ ಬೇರೆ ಚರ್ಚೆ ನಡೆಯಲಿಲ್ಲ. ಉಳಿದದ್ದು ಕಾಗದಪತ್ರದ ಕೆಲಸ. ಮಕ್ಕಳೊಡನೆ ವರ್ಷಕ್ಕೆ 32 ಗಂಟೆಗಳಿಗಿಂತ ಹೆಚ್ಚು ಕಾಲ ಕೆಲಸ ಮಾಡುವ ಸ್ವಯಂಸೇವಕರಿಗೂ ಕ್ಯಾಲಿಫೋರ್ನಿಯಾದಲ್ಲಿ ಬೆರಳಚ್ಚಿನ ಪರಿಶೀಲನೆ ಬೇಕು. ಒಂದೂವರೆ ಗಂಟೆಯ ಮೂವತ್ತು ತರಗತಿಗಳೆಂದರೆ 45 ಗಂಟೆಗಳು. ಮುಂದೆ ಇಲ್ಲಿಯ ಸರಕಾರಿ ಶಾಲೆಯ ಕೆಲಸಕ್ಕೂ ಅರ್ಜಿ ಹಾಕುವ ಆಸೆ ಅವರಿಗಿರುವುದರಿಂದ ವೈದ್ಯರಾಗಿ ಒಂದು ಮಾತನ್ನು ಸೇರಿಸಿದೆವು. ಅಲ್ಲಿ ಕ್ಷಯರೋಗದ ತಪಾಸಣೆಯ ಪತ್ರ ಕೇಳುತ್ತಾರೆ. ಬಾಲ್ಯದಲ್ಲಿ ಬಿ.ಸಿ.ಜಿ. ಲಸಿಕೆ ಪಡೆದ ನಮ್ಮಂಥವರ ತೋಳಿನಲ್ಲಿ ಚರ್ಮದ ಪರೀಕ್ಷೆಯು ರೋಗಾಣುವಿಲ್ಲದೆಯೂ ಊದಿಕೊಳ್ಳಬಹುದು. ಆ ಲಸಿಕೆಯಿಂದ ದಾರಿತಪ್ಪದ ರಕ್ತಪರೀಕ್ಷೆಯನ್ನೇ ಕೇಳಿ ಮಾಡಿಸಿಕೊಳ್ಳಲಿ.

ಪದಗಳ ಪಟ್ಟಿ ಈಗಾಗಲೇ ಬರತೊಡಗಿದೆ. ಒಂದು ಮನೆಯಿಂದ ಬಂದ ಏಳು ಪದಗಳಲ್ಲಿ ಐದು ತಿಂಡಿಯ ಹೆಸರುಗಳು, ಒಂದು ‘ಬೇಗ’, ಇನ್ನೊಂದು ‘ಸಾಕು’. ‘ಬೇಗ’ಕ್ಕೆ ಏತ್ವ ಬೇಕಾದ್ದರಿಂದ ಅದು ಏಣಿಯಲ್ಲಿ ತುಸು ಮೇಲಿನ ಮೆಟ್ಟಿಲಿಗೆ ಹೋಗಿದೆ.